ಕಾಂಪ್ ಆಫ್ ಲ್ಯಾಪ್ಸ್ ಆಯ್ತು ಅಂತ ಬರೆಯೋ ಮುಂಚೆ ರಿಜಿಸ್ಟರ್ ಸರಿ ಇದ್ಯಾ ನೋಡಿ

ಮುಂಬೈಲಿ ನಮ್ಮೋರ ಹೋಟೆಲ್‌ಗಳ ಸಂಬಳ ಮತ್ತು ಹಾಜರಿ ಲೆಕ್ಕ ನೋಡೋದೇ ನನ್ನ ಕೆಲಸ. ಪ್ರತಿ ವರ್ಷ ದೀಪಾವಳಿ ಮುಗಿದ ಕೂಡಲೇ ಒಂದೇ ಥರದ ಜಗಳ ನನ್ನ ಟೇಬಲ್‌ಗೆ ಬರುತ್ತೆ. ಗಣಪತಿ, ನವರಾತ್ರಿ ರಶ್ಶಲ್ಲಿ ವಾರದ ರಜೆ ಬಿಟ್ಟು ದುಡಿದವರು ಅದರ ಬದಲಿ ರಜೆ, ಅಂದ್ರೆ ಕಾಂಪ್ ಆಫ್ ತಗೊಂಡು ನವೆಂಬರ್‌ನಲ್ಲಿ ಊರಿಗೆ ಹೊರಡ್ತಾರೆ, ಆಗ ಮ್ಯಾನೇಜರ್ ಪುಸ್ತಕ ತೆಗೆದು "ಎರಡು ತಿಂಗಳಾಯ್ತು, ಕಾಂಪ್ ಆಫ್ ಎಲ್ಲ ಹೋಯ್ತು" ಅಂತಾರೆ. ಹೆಚ್ಚಿನ ಸಲ ಮ್ಯಾನೇಜರ್ ಬೇಕು ಅಂತ ಮೋಸ ಮಾಡಿರಲ್ಲ, ಅವರು ಇಟ್ಟಿರೋ ಪುಸ್ತಕವೇ ತಪ್ಪಾಗಿರುತ್ತೆ. ಆದ್ರೆ ನಷ್ಟ ಮಾತ್ರ ಒಲೆ ಮುಂದೆ ನಿಂತವನಿಗೇ ಆಗುತ್ತಲ್ಲ, ಅದಕ್ಕೇ ಇದನ್ನ ಬಿಡಿಸಿ ಬರೀತಿದೀನಿ.

2025ರಲ್ಲಿ ಮಾಟುಂಗ ಕಡೆಯ ಒಂದು ಹೋಟೆಲ್ ಕೇಸ್ ತಗೊಳ್ಳಿ. ಮೂವತ್ತರ ಆಸುಪಾಸು ಕೆಲಸಗಾರರು. ಅಲ್ಲಿ ಕುಂದಾಪುರ ಕಡೆಯ ಒಬ್ಬರು ದೋಸೆ ಭಟ್ರು ಇದಾರೆ, ಸೋಮವಾರ ಅವರ ರಜೆ, ತಿಂಗಳ ಸಂಬಳ 20,800. ಅವರು ಆಗಸ್ಟ್ 15ರಂದು ಕೆಲಸ ಮಾಡಿದ್ರು. ಆಮೇಲೆ ಗಣಪತಿ ಟೈಮಲ್ಲಿ ಆಗಸ್ಟ್ 25 ಮತ್ತು ಸೆಪ್ಟೆಂಬರ್ 1, ನವರಾತ್ರಿಲಿ ಸೆಪ್ಟೆಂಬರ್ 29, ಹೀಗೆ ಮೂರು ಸೋಮವಾರ ಬಂದ್ರು. ಇದಲ್ಲದೆ ಗಣಪತಿ ದಿನಗಳಲ್ಲಿ ನಾಲ್ಕು ರಾತ್ರಿ ಮೂರ್ಮೂರು ತಾಸು ಹೆಚ್ಚಿಗೆ ನಿಂತ್ರು, ಅಂದ್ರೆ 12 ತಾಸು. ಮ್ಯಾನೇಜರ್ ಏನ್ಮಾಡಿದ್ರು ಅಂದ್ರೆ ನಾಲ್ಕು ದಿನಕ್ಕೆ ನಾಲ್ಕು, 12 ತಾಸನ್ನ 8ರಿಂದ ಭಾಗಿಸಿ ಒಂದೂವರೆ, ಒಟ್ಟು 5.5 ಅಂತ ಭಟ್ರ ಹೆಸರಿನ ಮುಂದೆ ಬರೆದ್ರು. ಪುಸ್ತಕದಲ್ಲಿ ಇದ್ದದ್ದು ಅದೊಂದೇ ಅಂಕಿ.

ಎಡವಿದ್ದು ಇಲ್ಲೇ. ಆ 5.5ರೊಳಗೆ ಮೂರು ಬೇರೆ ಬೇರೆ ಬಾಕಿ ಸೇರ್ಕೊಂಡಿದೆ, ಮೂರಕ್ಕೂ ನಿಯಮ ಬೇರೆ.

ಮೊದಲು ಆ ರಾತ್ರಿಯ ತಾಸುಗಳು. ಮಹಾರಾಷ್ಟ್ರ ಶಾಪ್ಸ್ ಅಂಡ್ ಎಸ್ಟಾಬ್ಲಿಷ್‌ಮೆಂಟ್ಸ್ ಆಕ್ಟ್ 2017ರ ಪ್ರಕಾರ ವಾರಕ್ಕೆ 48 ತಾಸು ದಾಟಿದ ಕೆಲಸಕ್ಕೆ ಡಬಲ್ ರೇಟಲ್ಲಿ ಓವರ್‌ಟೈಮ್ ಕೊಡ್ಬೇಕು, ಕೊಡ್ಬೇಕಾದ್ದು ದುಡ್ಡು. ಭಟ್ರ ಸಂಬಳನ ತಿಂಗಳ 26 ಕೆಲಸದ ದಿನದಿಂದ ಭಾಗಿಸಿದ್ರೆ ದಿನಕ್ಕೆ 800, ತಾಸಿಗೆ 100, ಡಬಲ್ ಅಂದ್ರೆ 200. ಹನ್ನೆರಡು ತಾಸಿಗೆ 2,400 ರೂಪಾಯಿ ಆಯ್ತು. ಒಂದೂವರೆ ದಿನದ ರಜೆ ಕೊಟ್ರೆ ಅದರ ಬೆಲೆ 1,200 ಮಾತ್ರ, ಅಂದ್ರೆ ತಾಸಿಗೆ ತಾಸು ಅಂತ ರಜೆ ಬರೆದ ಕೂಡಲೇ ಅರ್ಧ ದುಡ್ಡು ಯಾರಿಗೂ ಕಾಣದ ಹಾಗೆ ಮಾಯ ಆಯ್ತು. "ಭಟ್ರೇ ಒಪ್ಪಿದಾರಲ್ಲ" ಅಂತ ಮಾಲಕರು ಹೇಳಿದ್ರು, ಆದ್ರೆ ಕಾನೂನು ಕೊಟ್ಟ ಕನಿಷ್ಠವನ್ನ ಬಾಯಿಮಾತಿನ ಒಪ್ಪಿಗೆ ಕಮ್ಮಿ ಮಾಡೋಕಾಗಲ್ಲ. ನಾನು ಯಾವ ಹೋಟೆಲ್‌ಗೆ ಹೋದ್ರೂ ಮೊದಲು ಹೇಳೋದು ಇದೇ, ತಾಸಿನ ಓವರ್‌ಟೈಮ್ ಕಾಂಪ್ ಆಫ್ ಪುಸ್ತಕಕ್ಕೆ ಬರಲೇ ಬಾರದು, ಆ ತಿಂಗಳ ಸಂಬಳದ ಜೊತೆಗೇ ಹೋಗ್ಬೇಕು.

ಎರಡನೇದು ಸೋಮವಾರಗಳು. ವಾರದ ರಜೆ ಕೊಡದೆ ಕೆಲಸ ಮಾಡಿಸಿದ್ರೆ ಅದರ ಬದಲಿಗೆ ಒಂದು ರಜೆನ ಆ ದಿನದಿಂದ ಎರಡು ತಿಂಗಳೊಳಗೆ ಕೊಡ್ಬೇಕು ಅಂತ ಅದೇ ಕಾಯ್ದೆಲಿದೆ. ಎಲ್ಲರೂ ಎಕ್ಸ್‌ಪೈರಿ ಅಂತ ಕರೆಯೋದು ಇದನ್ನೇ. ಆದ್ರೆ ಈ ಗಡುವು ಯಾರಿಗೆ ಅಂತ ಒಂದ್ಸಲ ಯೋಚನೆ ಮಾಡಿ. ಎರಡು ತಿಂಗಳೊಳಗೆ ಕೊಡೋದು ಮಾಲಕರ ಜವಾಬ್ದಾರಿ. ಗಡುವು ದಾಟಿದ್ರೆ ತಪ್ಪಿದ್ದು ಕೊಡೋರು, ಅದಕ್ಕೆ ತಗೊಳ್ಳೋನ ಹಕ್ಕು ಅಳಿಸಿಹಾಕೋದು ಯಾವ ಲೆಕ್ಕ? ಇನ್ನೊಂದು ವಿಷಯ, ಏಳನೇ ದಿನ ದುಡಿದದ್ರಿಂದ ಆ ವಾರ 48 ದಾಟಿ 56 ತಾಸು ಆಗಿದ್ರೆ ದಾಟಿದ 8 ತಾಸಿಗೂ ಡಬಲ್ ರೇಟ್ ಬರುತ್ತೆ, ರಜೆ ಕೊಟ್ವಿ ಅನ್ನೋ ಕಾರಣಕ್ಕೆ ಆ ದುಡ್ಡು ಬಿಡೋ ಹಾಗಿಲ್ಲ. ಅದು ತಾಸಿನ ಲೆಕ್ಕ, ಇದು ವಿಶ್ರಾಂತಿಯ ಲೆಕ್ಕ.

ಮೂರನೇದು ಆಗಸ್ಟ್ 15. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಮತ್ತೆ ವರ್ಷದ ಮೊದಲೇ ಮಾತಾಡ್ಕೊಂಡ ಇನ್ನು ನಾಲ್ಕು, ಒಟ್ಟು ಎಂಟು ಹಬ್ಬದ ರಜೆ. ಆ ದಿನ ಕೆಲಸಕ್ಕೆ ಕರೆದ್ರೆ ಡಬಲ್ ಕೂಲಿನೂ ಕೊಡ್ಬೇಕು, ಬದಲಿ ರಜೆನೂ ಕೊಡ್ಬೇಕು. ಎರಡರಲ್ಲಿ ಒಂದು ಆರಿಸ್ಕೊಳ್ಳಿ ಅಂತ ಕೇಳೋದೇ ತಪ್ಪು. ಈ ಬದಲಿ ರಜೆಗೆ ಆ ಹೋಟೆಲ್‌ನಲ್ಲಿ ಯಾವ ಗಡುವೂ ಬರೆದಿಟ್ಟಿರಲಿಲ್ಲ, ಹಾಗಾಗಿ ಅದನ್ನ ಲ್ಯಾಪ್ಸ್ ಅನ್ನೋಕೆ ಆಧಾರವೇ ಇಲ್ಲ.

ಈಗ ಮುಂದೇನಾಯ್ತು ನೋಡಿ. ಅಕ್ಟೋಬರ್ 7ಕ್ಕೆ ಭಟ್ರು ಹಲ್ಲು ತೋರಿಸೋಕೆ ಅಂತ ಒಂದು ಕಾಂಪ್ ಆಫ್ ತಗೊಂಡ್ರು, ಪುಸ್ತಕದಲ್ಲಿ 5.5 ಹೋಗಿ 4.5 ಆಯ್ತು. ಯಾವ ದಿನದ ರಜೆ ತೀರಿತು ಅಂತ ಎಲ್ಲೂ ಬರೀಲಿಲ್ಲ. 10ನೇ ತಾರೀಖು "ಅಣ್ಣ, 14ರಿಂದ ಮೂರು ದಿನ ಊರಿಗೆ ಹೋಗಿ ಬರ್ತೆ" ಅಂತ ಕೇಳಿದ್ರು, ಮ್ಯಾನೇಜರ್ "ಈಗ ಹೇಗೆ ಬಿಡೋದು ಭಟ್ರೇ, ದೀಪಾವಳಿ ಮುಗೀಲಿ" ಅಂದ್ರು. ಇದೂ ಎಲ್ಲೂ ಬರೀಲಿಲ್ಲ. ನವೆಂಬರ್ 5ಕ್ಕೆ ಮತ್ತೆ ಕೇಳಿದಾಗ ಮ್ಯಾನೇಜರ್ ಎರಡು ತಿಂಗಳು ಹಿಂದಕ್ಕೆ ಎಣಿಸಿ ಸೆಪ್ಟೆಂಬರ್ 5ಕ್ಕಿಂತ ಹಳೇದು ಮೂರೂ ಹೋಯ್ತು, ಉಳಿದದ್ದು ಒಂದೂವರೆ ಅಂದ್ಬಿಟ್ರು.

ಅದೇ ಪುಸ್ತಕ ಒಂದು ರಜೆಗೆ ಒಂದು ಸಾಲು ಅಂತ ಇದ್ದಿದ್ರೆ ಏನಾಗ್ತಿತ್ತು? ಗಡುವು ಮೊದಲು ಬರೋ ರಜೆ ಮೊದಲು ತೀರ್ಬೇಕು. ಅಕ್ಟೋಬರ್ 7ರ ರಜೆ ಆಗಸ್ಟ್ 25ರ ಸಾಲನ್ನ ಮುಚ್ತಿತ್ತು, ಯಾಕಂದ್ರೆ ಅದರ ಗಡುವು ಅಕ್ಟೋಬರ್ 25. ಮ್ಯಾನೇಜರ್ ಅದನ್ನ ಅಕ್ಟೋಬರ್‌ನಲ್ಲಿ ಒಂದ್ಸಲ ಕಳೆದು ನವೆಂಬರ್‌ನಲ್ಲಿ ಲ್ಯಾಪ್ಸ್ ಅಂತ ಇನ್ನೊಂದ್ಸಲ ಕಳೆದಿದ್ರು. ಸೆಪ್ಟೆಂಬರ್ 1ರದ್ದರ ಗಡುವು ನವೆಂಬರ್ 1, ಆದ್ರೆ ಅಕ್ಟೋಬರ್ 10ಕ್ಕೇ ಕೇಳಿದ್ರು, ಕೊಡದೇ ಇದ್ದದ್ದು ಹೋಟೆಲ್, ಹಾಗಾಗಿ ಅದು ಬಾಕಿನೇ. ಸೆಪ್ಟೆಂಬರ್ 29ರದ್ದಕ್ಕೆ ನವೆಂಬರ್ 29ರವರೆಗೆ ಟೈಮಿದೆ. ಆಗಸ್ಟ್ 15ರದ್ದೂ ಹಾಗೇ ಉಳಿದಿದೆ. ಒಟ್ಟು ಮೂರು ದಿನದ ರಜೆ, ಅದರ ಮೇಲೆ 2,400 ರೂಪಾಯಿ ಮತ್ತು ಆ ಸೋಮವಾರಗಳ, ಆಗಸ್ಟ್ 15ರ ಡಬಲ್ ಲೆಕ್ಕ ಬೇರೆ. ಪುಸ್ತಕ ಹೇಳಿದ್ದು ಮಾತ್ರ ಒಂದೂವರೆ ದಿನ.

ಹಾಗಾಗಿ ಪುಸ್ತಕವಾಗ್ಲಿ ಎಕ್ಸೆಲ್ ಆಗ್ಲಿ, ಒಂದೊಂದು ದಿನಕ್ಕೆ ಒಂದೊಂದು ಸಾಲು ಹಾಕಿ. ಹೆಸರು, ದುಡಿದ ದಿನ, ಅದು ವಾರದ ರಜೆಯೋ ಹಬ್ಬದ ರಜೆಯೋ, ಕೊಡೋಕೆ ಕೊನೇ ದಿನ, ಕೇಳಿದ ದಿನ, ಏನು ಉತ್ತರ ಕೊಟ್ವಿ, ತಗೊಂಡ ದಿನ, ಸಹಿ. ಇದರಲ್ಲಿ "ಕೇಳಿದ ದಿನ" ಮತ್ತು "ಉತ್ತರ" ಅನ್ನೋ ಎರಡು ಕಾಲಂ ಯಾರೂ ಇಡೋದಿಲ್ಲ, ಜಗಳ ಬಂದಾಗ ಬೇಕಾಗೋದು ಅವೆರಡೇ. ಕೊನೇ ದಿನನ ದುಡಿದ ದಿನದಿಂದ ಎಣಿಸಿ, ಮ್ಯಾನೇಜರ್ ಅಪ್ರೂವ್ ಮಾಡಿದ ದಿನದಿಂದ ಅಲ್ಲ. ದುಡಿದ ದಿನ B ಕಾಲಂನಲ್ಲಿದ್ರೆ ವಾರದ ರಜೆಯ ಸಾಲಿಗೆ ಸೂತ್ರ ಇಷ್ಟೇ:

```
=EDATE(B2,2)
```

ಕೆಲವರು ಸುಲಭ ಅಂತ 60 ದಿನ ಕೂಡಿಸ್ತಾರೆ. ಸೆಪ್ಟೆಂಬರ್ 1ಕ್ಕೆ 60 ಕೂಡಿಸಿದ್ರೆ ಅಕ್ಟೋಬರ್ 31 ಬಂದು ಒಂದು ದಿನ ಮೊದಲೇ ಮುಗಿಯುತ್ತೆ. 2026ರ ಜನವರಿ 1ಕ್ಕೆ ಕೂಡಿಸಿದ್ರೆ ಮಾರ್ಚ್ 2 ಬರುತ್ತೆ, ಅಲ್ಲಿ ನಿಜವಾದ ಗಡುವು ಮಾರ್ಚ್ 1ಕ್ಕೇ ಮುಗಿದಿರುತ್ತೆ. ಇನ್ನು ಕೊನೇ ದಿನ D ಕಾಲಂನಲ್ಲಿ, ತಗೊಂಡ ದಿನ G ಕಾಲಂನಲ್ಲಿ ಇದ್ರೆ, ಪಕ್ಕದಲ್ಲಿ ಇದನ್ನ ಹಾಕಿಡಿ:

```
=IF(AND(D2<>"",G2="",D2-TODAY()<=15),"ಈಗ ಕೊಡಿ","")
```

ತಗೊಳ್ಳದೇ ಉಳಿದ ರಜೆಗೆ ಹದಿನೈದು ದಿನ ಇರುವಾಗ ಇದು ಎಚ್ಚರಿಸುತ್ತೆ. ಆಗ ಮ್ಯಾನೇಜರೇ ಕರೆದು "ಭಟ್ರೇ, ಈ ವಾರ ಒಂದು ದಿನ ತಗೊಳ್ಳಿ" ಅನ್ಬೇಕು, ಕೇಳ್ಕೊಂಡು ಬರ್ಲಿ ಅಂತ ಕಾಯೋ ಹಾಗಿಲ್ಲ. ಗಡುವು ದಾಟಿದ ಸಾಲನ್ನ ಡಿಲೀಟ್ ಮಾಡಬೇಡಿ, ಕೆಂಪು ಬಣ್ಣ ಹಾಕಿ ಹಾಗೇ ಬಿಡಿ, ಅದು ಹೋಟೆಲ್ ಮೇಲಿರೋ ಬಾಕಿ.

ಚಾಕಣ ಕಡೆ ಫ್ಯಾಕ್ಟರಿ ಲೆಕ್ಕ ನೋಡೋರು ಈ ಸೂತ್ರ ಹಾಗೇ ಎತ್ಕೊಬೇಡಿ. ಫ್ಯಾಕ್ಟರೀಸ್ ಆಕ್ಟ್ 1948ರ 53ನೇ ಸೆಕ್ಷನ್‌ನಲ್ಲಿ ಇದ್ದದ್ದು ರಜೆ ತಪ್ಪಿದ ಆ ತಿಂಗಳು ಅಥವಾ ಅದರ ಮುಂದಿನ ಎರಡು ತಿಂಗಳೊಳಗೆ ಅಂತ, ಹೊಸ ಲೇಬರ್ ಕೋಡ್‌ನಲ್ಲೂ ಅದನ್ನೇ ಇಟ್ಟಿದಾರೆ. ಅಲ್ಲಿ ಸೆಪ್ಟೆಂಬರ್ 1ರ ರಜೆಗೆ ನವೆಂಬರ್ 30ರವರೆಗೆ ಟೈಮ್ ಇರುತ್ತೆ, ಸೂತ್ರ `=EOMONTH(B2,2)` ಆಗುತ್ತೆ. ಮ್ಯಾನೇಜರ್ ಹುದ್ದೆಲಿರೋರಿಗೆ ಕಾಯ್ದೆಯ ತಾಸಿನ ನಿಯಮ ಲಾಗು ಆಗಲ್ಲ, ಅವರ ಕಾಂಪ್ ಆಫ್ ಏನಿದ್ರೂ ಕಂಪನಿಯ ಪಾಲಿಸಿ ಮೇಲೆ, ಅಲ್ಲಿ ಲ್ಯಾಪ್ಸ್ ಅಂತ ಬರೆದಿದ್ರೆ ಲ್ಯಾಪ್ಸೇ. ಆ ಪಾಲಿಸಿನ ದೋಸೆ ಭಟ್ರಿಗೆ ಅಂಟಿಸೋದು ಬೇಡ.

ಕೆಲಸಗಾರರ ಕಡೆಯಿಂದಲೂ ಒಂದು ಮಾತು ಬರುತ್ತೆ, "ನಂಗೆ ಈಗ ಬೇಡ, ಎಲ್ಲ ಕೂಡಿಟ್ಟು ಮೇ ತಿಂಗಳಲ್ಲಿ ಊರಿಗೆ ಹೋಗ್ತೆ" ಅಂತ. ಅವರ ಆಸೆ ನಂಗೆ ಚೆನ್ನಾಗಿ ಗೊತ್ತು, ಬಸ್ಸಲ್ಲೇ ಹೋಗ್ತಾ ಬರ್ತಾ ಎರಡು ರಾತ್ರಿ ಕಳೆಯುತ್ತೆ, ಒಂದು ದಿನದ ರಜೆಲಿ ಊರು ಮುಟ್ಟೋಕಾಗಲ್ಲ. ಆದ್ರೆ ಬದಲಿ ರಜೆ ಇರೋದು ದಣಿದ ಮೈಗೆ ಬೇಗ ವಿಶ್ರಾಂತಿ ಸಿಗ್ಲಿ ಅಂತ, ಅದಕ್ಕೇ ಎರಡು ತಿಂಗಳು. ಕೂಡಿಡೋಕೆ ಬೇರೆ ಖಾತೆ ಇದೆ. ವರ್ಷಕ್ಕೆ 240 ದಿನ ದುಡಿದವರಿಗೆ ಪ್ರತಿ 20 ದಿನಕ್ಕೆ ಒಂದು ಅರ್ನ್ಡ್ ಲೀವ್ ಸಿಗುತ್ತೆ, ಅದನ್ನ 45 ದಿನದವರೆಗೆ ಕೂಡಿಡಬಹುದು. ಊರಿಗೆ ಅದನ್ನ ಇಟ್ಕೊಳ್ಳಿ. ಕಾಂಪ್ ಆಫ್ ಎರಡು ಸೇರಿದ್ರೆ ವಾರದ ರಜೆಗೆ ಅಂಟಿಸಿ ಶನಿವಾರ, ಭಾನುವಾರ, ಸೋಮವಾರ ಅಂತ ಮೂರು ದಿನ ಮಾಡ್ಕೊಬಹುದು. ಹೋಟೆಲ್‌ಗೆ ಶನಿವಾರ ಭಾನುವಾರ ಕಷ್ಟ ಅಂದ್ರೆ ಸೋಮವಾರದಿಂದ ಬುಧವಾರ.

ಕೊನೇದಾಗಿ ಕೆಲಸ ಬಿಟ್ಟು ಹೋಗೋರ ವಿಷಯ. ನಮ್ಮ ಹೋಟೆಲ್‌ಗಳಲ್ಲಿ ಜನ ಹಬ್ಬ ಮುಗಿಸ್ಕೊಂಡು ಇನ್ನೊಂದು ಹೋಟೆಲ್‌ಗೆ ಹೋಗೋದು ಮಾಮೂಲಿ, ಆಗ ಫೈನಲ್ ಸೆಟ್ಲ್‌ಮೆಂಟ್‌ನಲ್ಲಿ ಕಾಂಪ್ ಆಫ್ ಅನ್ನೋ ಸಾಲೇ ಇರಲ್ಲ. ಮುಚ್ಚದೇ ಉಳಿದ ಪ್ರತಿ ಸಾಲಿಗೂ ಒಂದು ದಿನದ ಕೂಲಿ ಹಾಕಿ, ಭಟ್ರ ಲೆಕ್ಕದಲ್ಲಾದ್ರೆ ಮೂರು ಸಾಲಿಗೆ 2,400, ಓವರ್‌ಟೈಮ್ ಬಾಕಿನ ಅದರ ಕೆಳಗೆ ಬೇರೆಯಾಗಿ ಬರೀರಿ, ಆಮೇಲೆ ಅವರ ಮುಂದೇನೇ ಸಾಲು ಸಾಲಾಗಿ ಓದಿ ಹೇಳಿ ಸಹಿ ತಗೊಳ್ಳಿ.