ಇಬ್ಬರು ಲಕ್ಷ್ಮಮ್ಮಂದಿರು ಮತ್ತು ಒಂದು ಟ್ಯೂಬು

ರಕ್ತಪರೀಕ್ಷೆಯ ವರದಿ ತಪ್ಪಾದಾಗ ಜನ ಮೊದಲು ದೂರುವುದು ಯಂತ್ರವನ್ನು. ಯಂತ್ರವಾದರೋ ಟ್ಯೂಬಿನೊಳಗಿನ ರಕ್ತವನ್ನಷ್ಟೇ ಅಳೆಯುತ್ತದೆ. ಅದು ಯಾರ ರಕ್ತವೆಂಬುದು ಸೂಜಿ ಚುಚ್ಚುವ ಜಾಗದಲ್ಲೇ ತೀರ್ಮಾನವಾಗಿರುತ್ತದೆ.

ಹೊರರೋಗಿ ವಿಭಾಗದ ಸಾಲಿನಲ್ಲಿ ಇಬ್ಬರು ಲಕ್ಷ್ಮಮ್ಮಂದಿರು ಕುಳಿತಿದ್ದಾರೆ ಎಂದಿಟ್ಟುಕೊಳ್ಳಿ, ಒಬ್ಬರಿಗೆ 62 ವರ್ಷ, ಇನ್ನೊಬ್ಬರಿಗೆ 64. "ಲಕ್ಷ್ಮಮ್ಮ ನೀವೇನಾ?" ಎಂದು ಕೇಳಿದರೆ ಇಬ್ಬರೂ ಹೌದೆನ್ನುತ್ತಾರೆ, ಕಿವಿ ಮಂದವಾಗಿರುವ ಪಕ್ಕದ ಅಜ್ಜಿಯೂ ತಲೆಯಾಡಿಸಬಹುದು. ಆದ್ದರಿಂದ "ನಿಮ್ಮ ಪೂರ್ತಿ ಹೆಸರು ಹೇಳಿ ಅಮ್ಮಾ" ಎಂದು ಕೇಳಿ, ಅವರ ಬಾಯಿಂದಲೇ ಬಂದ ಉತ್ತರವನ್ನು ಚೀಟಿಯೊಂದಿಗೆ ತಾಳೆ ನೋಡಬೇಕು. ಇದು ಮೊದಲ ಗುರುತು.

ಎರಡನೆಯ ಗುರುತಿನ ಆಯ್ಕೆಯಲ್ಲಿ ನಮ್ಮಲ್ಲಿ ತೊಡಕುಗಳಿವೆ. ರೋಗಿಯನ್ನು ಸ್ಥಳಾಂತರಿಸಿದ ಕೂಡಲೇ ಬದಲಾಗುವ ಹಾಸಿಗೆ ಸಂಖ್ಯೆ ಗುರುತೇ ಅಲ್ಲ. ಹುಟ್ಟಿದ ದಿನಾಂಕವನ್ನು ಕೇಳಬಹುದಾದರೂ, ಶಾಲೆಗೆ ಸೇರಿಸುವಾಗ ಮೇಷ್ಟರು ಬರೆದುಕೊಂಡ ಜೂನ್ 1ನ್ನೇ ಜನ್ಮದಿನವಾಗಿ ಹೊತ್ತವರು ಕರ್ನಾಟಕದಲ್ಲಿ ಎಷ್ಟಿಲ್ಲ! ಮೊಬೈಲ್ ಸಂಖ್ಯೆಯಂತೂ ಅತ್ತೆ, ಸೊಸೆ, ಮೊಮ್ಮಗ ಎಲ್ಲರಿಗೂ ಒಂದೇ ಇರುತ್ತದೆ. ಹೀಗಾಗಿ ನೋಂದಣಿಯ ವೇಳೆ ಆಸ್ಪತ್ರೆ ಕೊಡುವ ಯುಎಚ್‌ಐಡಿ ಸಂಖ್ಯೆಯನ್ನು ರೋಗಿಯ ಕಾರ್ಡಿನಲ್ಲೋ ಕೈಪಟ್ಟಿಯಲ್ಲೋ ಓದಿ ಹೋಲಿಸುವುದೇ ಹೆಚ್ಚು ಭರವಸೆಯದು.

ಹೋಲಿಸಿದ ಮೇಲೂ ಒಂದು ಅಪಾಯ ಉಳಿದಿರುತ್ತದೆ. ಖಾಲಿ ಟ್ಯೂಬುಗಳಿಗೆ ಮೊದಲೇ ಲೇಬಲ್ ಅಂಟಿಸಿ ಟ್ರೇಯಲ್ಲಿ ಜೋಡಿಸಿಟ್ಟರೆ ಕೈ ತಪ್ಪಿ ಪಕ್ಕದ ಟ್ಯೂಬನ್ನು ಎತ್ತಿಕೊಳ್ಳುವುದು ಸುಲಭ. ಎಲ್ಲ ಟ್ಯೂಬುಗಳನ್ನು ಮೇಜಿಗೆ ಒಯ್ದು ಆಮೇಲೆ ಅಂಟಿಸುವುದೂ ಅಷ್ಟೇ ಅಪಾಯಕರ. ರಕ್ತ ತೆಗೆದ ನಂತರ, ರೋಗಿಯ ಬಳಿಯಿಂದ ಕದಲುವ ಮೊದಲು ಲೇಬಲ್ ಹಚ್ಚಬೇಕು.

ಅದಲುಬದಲಾದದ್ದು ಲ್ಯಾಬಿನಲ್ಲಿ ಪತ್ತೆಯಾಗುವುದೂ ಉಂಟು. ಕೆಂಪು ರಕ್ತಕಣದ ಸರಾಸರಿ ಗಾತ್ರವಾದ ಎಂಸಿವಿ ದಿನದಿಂದ ದಿನಕ್ಕೆ ಹೆಚ್ಚು ಏರಿಳಿಯುವುದಿಲ್ಲ. ಮೊದಲ ಲಕ್ಷ್ಮಮ್ಮನವರಿಗೆ ಕಳೆದ ವಾರ 71 ಇದ್ದದ್ದು ಈ ವಾರ 93 ಆಗಿದ್ದು, ನಡುವೆ ಅವರಿಗೆ ರಕ್ತವನ್ನೂ ಏರಿಸಿಲ್ಲವೆಂದರೆ ಅದು ಬೇರೆಯವರ ರಕ್ತವೆಂದೇ ಅನುಮಾನಿಸಬೇಕು. ಹಿಂದಿನ ಫಲಿತಾಂಶದೊಂದಿಗೆ ಹೋಲಿಸುವ ಈ ಕ್ರಮಕ್ಕೆ ಡೆಲ್ಟಾ ಚೆಕ್ ಎನ್ನುತ್ತೇವೆ. ಆಗ ಲೇಬಲ್ ತಿದ್ದಿ ವರದಿ ಕೊಡುವುದು ಸಲ್ಲದು. ಇನ್ನೊಂದು ಟ್ಯೂಬಿನಲ್ಲಿ ಇವರ ರಕ್ತ ಇರಬಹುದಾದ್ದರಿಂದ ಇಬ್ಬರ ವರದಿಯನ್ನೂ ತಡೆದು, ಇಬ್ಬರಿಂದಲೂ ಹೊಸದಾಗಿ ರಕ್ತ ಪಡೆಯಬೇಕು. ಆದರೆ ಹಳೆಯ ದಾಖಲೆಯೇ ಇಲ್ಲದವರಲ್ಲಿ, ಅಥವಾ ಇಬ್ಬರ ಅಂಕಿಗಳೂ ಹತ್ತಿರವಿದ್ದಾಗ, ಈ ಬಲೆಗೆ ಏನೂ ಸಿಗದು.

ಅದಕ್ಕೇ ರೋಗಿಗೆ ರಕ್ತ ಏರಿಸುವ ಮುನ್ನ, ರಕ್ತದ ಗುಂಪಿನ ಹಳೆಯ ದಾಖಲೆ ಇಲ್ಲದಿದ್ದರೆ, ಬೇರೆ ವೇಳೆಯಲ್ಲಿ ಮತ್ತೆ ಗುರುತು ಕೇಳಿ ತೆಗೆದ ಎರಡನೆಯ ಮಾದರಿಯನ್ನು ಕೇಳುವ ಪದ್ಧತಿ ಬಂದಿದೆ. ಒಂದೇ ಚುಚ್ಚಿಗೆ ಎರಡು ಟ್ಯೂಬು ತುಂಬಿಸಿ, ಬೇರೆ ಬೇರೆ ಸಮಯ ಬರೆದು ಕಳಿಸಿದರೆ ಎರಡೂ ಒಂದೇ ತಪ್ಪನ್ನು ಹೇಳುತ್ತವೆ, ರಕ್ತನಿಧಿ ಅದನ್ನು ದೃಢೀಕರಣವೆಂದು ನಂಬುತ್ತದೆ.