ಜಾಹೀರಾತು ಒತ್ತದಿದ್ದರೂ ಅವರಿಗೆ ದುಡ್ಡು ಬರುತ್ತೆ

ಪ್ರಶ್ನೆ: ಮೊಬೈಲಿನಲ್ಲಿ ಫ್ರೀ ಗೇಮ್ ಆಡ್ತೀನಿ. ಒಂದು ರೂಪಾಯಿ ಖರ್ಚು ಮಾಡಿಲ್ಲ, ಯಾವ ಜಾಹೀರಾತನ್ನೂ ಒತ್ತಿಲ್ಲ. ನನ್ನಿಂದ ಅವರಿಗೆ ಏನು ಲಾಭ?

ಉತ್ತರ: ಮತ್ತೆ ಅದೇ ‘ಒತ್ತಿಲ್ಲ’! ಒತ್ತದಿದ್ದರೆ ಅವರಿಗೆ ಕಾಸಿಲ್ಲ ಅನ್ನುವ ಈ ನಂಬಿಕೆ ಎಷ್ಟು ಸಲ ಬರೆದರೂ ಹೋಗುತ್ತಿಲ್ಲ. ಕ್ಲಿಕ್ಕಿಗೆ ಇಷ್ಟು, ಇನ್‌ಸ್ಟಾಲಿಗೆ ಇಷ್ಟು ಅಂತ ಕೊಡುವ ಜಾಹೀರಾತುದಾರರು ಇದ್ದಾರೆ, ನಿಜ. ಆದರೆ ಬರೀ ತೋರಿಸಿದ್ದಕ್ಕೇ ದುಡ್ಡು ಕೊಡುವವರೂ ಬೇಕಾದಷ್ಟು ಜನ ಇದ್ದಾರೆ. ಅದಕ್ಕೇ ಗೇಮ್ ಮಾಡಿದವರು ಆದಾಯವನ್ನು ಸಾವಿರ ಪ್ರದರ್ಶನಕ್ಕೆ ಇಷ್ಟು ಅಂತ ಲೆಕ್ಕ ಹಾಕುತ್ತಾರೆ. ಸೋತಾಗ ‘ವಿಡಿಯೋ ನೋಡಿ, ಇನ್ನೊಂದು ಜೀವ ಪಡೆಯಿರಿ’ ಅಂತ ಬರುತ್ತದಲ್ಲ, ಅದನ್ನು ಕೊನೆತನಕ ನೋಡಿದಿರಿ ಅಂದರೆ ನೀವೂ ಆ ಸಾವಿರದಲ್ಲಿ ಒಬ್ಬರಾದಿರಿ.

ಲೆಕ್ಕಕ್ಕೆ ಅಂತ ಸಾವಿರ ವಿಡಿಯೋಗೆ 80 ರೂಪಾಯಿ ಇಟ್ಟುಕೊಳ್ಳಿ. ಒಂದಕ್ಕೆ 8 ಪೈಸೆ. ದಿನಕ್ಕೆ ಹತ್ತು ನೋಡಿದರೆ ತಿಂಗಳಿಗೆ 24 ರೂಪಾಯಿ. ಅದೇ ಗೇಮನ್ನು 100 ರೂಪಾಯಿಗೆ ಮಾರಿದ್ದರೆ, ಆಪ್ ಸ್ಟೋರಿನವರು 15 ರೂಪಾಯಿ ಹಿಡಿದುಕೊಂಡರೂ ಒಂದೇ ಸಲಕ್ಕೆ 85 ಬರುತ್ತಿತ್ತು. ಆದರೆ ಅಲ್ಲಿಗೆ ಮುಗಿಯಿತು. ನೀವು ನಾಲ್ಕು ತಿಂಗಳು ಬಿಡದೆ ಆಡಿದರೆ ಫ್ರೀ ಗೇಮಿನವನೇ ಮುಂದೆ. ಎರಡೇ ದಿನದಲ್ಲಿ ಡಿಲೀಟ್ ಮಾಡಿದಿರೋ, ಅವನಿಗೆ ಎರಡು ರೂಪಾಯಿಯೂ ಗಿಟ್ಟಲಿಲ್ಲ. ದಿನಾ ಬಂದವರಿಗೆ ಬಹುಮಾನ, ಬಾರದಿದ್ದರೆ ನೋಟಿಫಿಕೇಶನ್ ಕಾಟ, ಎಲ್ಲಾ ಇದಕ್ಕಾಗಿಯೇ.

ಗೇಮಿನೊಳಗಿನ ಖರೀದಿಯ ದಾರಿ ಬೇರೆ. ಅಲ್ಲಿ ಬಹುಪಾಲು ಜನ ಬಿಡಿಗಾಸೂ ಬಿಚ್ಚುವುದಿಲ್ಲ. ಬೆರಳೆಣಿಕೆಯ ಕೆಲವರು ಸಾವಿರಗಟ್ಟಲೆ ಸುರಿಯುತ್ತಾರೆ. ನಿಂಟೆಂಡೊ ಕಂಪನಿ ಒಂದೇ ಸಲದ ಮಾರಾಟ, ಗೇಮಿನೊಳಗಿನ ಖರೀದಿ ಎರಡನ್ನೂ ಮಾಡಿ ನೋಡಿತು. 2016ರ ‘ಸೂಪರ್ ಮಾರಿಯೋ ರನ್’ನಲ್ಲಿ ಮೊದಲ ಕೆಲವು ಹಂತ ಪುಕ್ಕಟೆ, ಉಳಿದದ್ದಕ್ಕೆ ಒಂದೇ ಸಲ 9.99 ಡಾಲರ್. 2017ರ ‘ಫೈರ್ ಎಂಬ್ಲಮ್ ಹೀರೋಸ್’ ಪೂರ್ತಿ ಫ್ರೀ. ಹೊಸ ಹೀರೋಗಳು ಸಿಗಬಹುದೆಂಬ ಆಸೆಗೆ ಜನ ಮತ್ತೆ ಮತ್ತೆ ದುಡ್ಡು ಕೊಟ್ಟು ಗೇಮಿನೊಳಗಿನ ಹರಳು ಕೊಳ್ಳುತ್ತಾರೆ. ಎರಡನೆಯದರ ಡೌನ್‌ಲೋಡು ಮಾರಿಯೋದರ ಹತ್ತರಲ್ಲೊಂದು ಪಾಲೂ ಇರಲಿಲ್ಲ. ಆದರೂ ಹೆಚ್ಚು ದುಡಿದದ್ದು ಅದೇ ಅಂತ ಕಂಪನಿಯೇ ಒಪ್ಪಿಕೊಂಡಿತು.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ: ಗೇಮಿನೊಳಗೆ ಬರುವ ಜಾಹೀರಾತು ಕೂಡ ಹೆಚ್ಚಾಗಿ ಇನ್ನೊಂದು ಗೇಮಿನದ್ದೇ ಯಾಕೆ? ಹಾಗೆ ಸುರಿಯುವ ಒಬ್ಬ ಗಿರಾಕಿ ಸಿಕ್ಕಿದರೂ ಸಾಕು, ನೂರಾರು ಜನರನ್ನು ಕರೆತಂದ ಖರ್ಚು ಹುಟ್ಟುತ್ತದೆ. ಅಂಥವರು ಗೇಮ್ ಆಡುವವರ ನಡುವೆಯೇ ತಾನೆ ಇರೋದು? ಅದಕ್ಕೇ ಇನ್‌ಸ್ಟಾಲಿಗೆ ಇಷ್ಟು ಅಂತ ದುಡ್ಡು ಕೊಟ್ಟು ಬಲೆ ಬೀಸುತ್ತಾರೆ. ಪ್ಲೇ ಸ್ಟೋರಿನಲ್ಲಿ ಗೇಮಿನ ಹೆಸರಿನ ಕೆಳಗೆ ‘Contains ads’ ಮತ್ತು ‘In-app purchases’ ಎರಡೂ ಇದ್ದರೆ, ನಿಮ್ಮನ್ನು ಒಬ್ಬರು ನೋಡುಗರೆಂದು ಎಣಿಸುತ್ತಲೇ, ಗಿರಾಕಿಯಾಗುತ್ತೀರೋ ಅಂತಲೂ ಕಾಯುತ್ತಿರುತ್ತಾರೆ.