ಹತ್ತು ರೂಪಾಯಿ ಮುಟ್ಟೋದು ಯಾವಾಗ?

ನಾಣ್ಯ ಚಿಮ್ಮೋಣ. ಹೆಡ್ ಬಿದ್ದರೆ ಒಂದು ರೂಪಾಯಿ ಲಾಭ, ಟೇಲ್ ಬಿದ್ದರೆ ಒಂದು ರೂಪಾಯಿ ನಷ್ಟ. ನೂರು ಸಲ ಚಿಮ್ಮುವಷ್ಟರಲ್ಲಿ ಯಾವಾಗಲಾದರೂ ಲಾಭ 10 ರೂಪಾಯಿ ಮುಟ್ಟುವ ಸಾಧ್ಯತೆ ಎಷ್ಟು?

ಫಲಿತಾಂಶ ಎಷ್ಟು ಚದುರುತ್ತದೆ ಅಂತ ಅಳೆಯುವ ಲೆಕ್ಕವೇ ವೇರಿಯನ್ಸ್, ಒಂದೊಂದು ಚಿಮ್ಮಿಗೂ ಅದು 1 ಕೂಡುತ್ತದೆ. ನೂರಕ್ಕೆ 100. ಅದರ ವರ್ಗಮೂಲ 10. ಅಂದರೆ ನೂರು ಹೆಜ್ಜೆ ನಡೆದರೂ ಹೊರಟ ಜಾಗದಿಂದ ಹತ್ತು ಹೆಜ್ಜೆ ಆಚೀಚೆ ಇರುವುದೇ ಮಾಮೂಲು.

ಈಗ ಸೆಕೆಂಡಿಗೆ ಹತ್ತು ಲಕ್ಷ ಸಲ ಚಿಮ್ಮುತ್ತೇವೆ ಅಂದುಕೊಳ್ಳಿ. ಪಣವನ್ನೂ ಚಿಕ್ಕದು ಮಾಡಬೇಕು, ಆದರೆ ಎಷ್ಟು? ಹತ್ತು ಲಕ್ಷದಲ್ಲೊಂದು ಪಾಲು ಮಾಡಿದರೆ ಲಾಭ ನಷ್ಟ ಒಂದನ್ನೊಂದು ತಿಂದು, ಲಾಭದ ಏರಿಳಿತವನ್ನು ಹಾಳೆಯ ಮೇಲೆ ತೋರಿಸುವ ಗೆರೆ ಚಪ್ಪಟೆ ಆಗುತ್ತದೆ. ಒಂದು ರೂಪಾಯಿಯೇ ಇಟ್ಟರೆ ಅದು ಹಾಳೆ ದಾಟಿ ಹೋಗುತ್ತದೆ. ವರ್ಗಮೂಲದ ಲೆಕ್ಕದಲ್ಲಿ, ಸಾವಿರದಲ್ಲೊಂದು ಪಾಲು ಇಟ್ಟರೆ ಮಾತ್ರ ಸೆಕೆಂಡಿಗೆ ವೇರಿಯನ್ಸ್ ಸರಿಯಾಗಿ 1 ಉಳಿಯುತ್ತದೆ. ಹೆಜ್ಜೆಗಳನ್ನು ಹೀಗೇ ಕಿರಿದು ಮಾಡುತ್ತಾ ಹೋದರೆ ಕೊನೆಗೆ ಸಿಗುವುದೇ ಬ್ರೌನಿಯನ್ ಚಲನೆ. ಎಲ್ಲೂ ತುಂಡಾಗದ ಗೆರೆ, ಆದರೂ ಎಲ್ಲೂ ಇಳಿಜಾರು ಅಳೆಯಲಾಗದಷ್ಟು ಒರಟು. ಐನ್‌ಸ್ಟೈನ್ 1905ರಲ್ಲಿ ಇದನ್ನು ನೀರಿನಲ್ಲಿ ತೇಲುವ ಕಣಗಳಿಗೆ ಹಚ್ಚಿದರು. ಅದಕ್ಕೆ ಐದು ವರ್ಷ ಮೊದಲೇ, 1900ರಲ್ಲಿ, ಫ್ರೆಂಚ್ ಗಣಿತಜ್ಞ ಲೂಯಿ ಬಾಶೆಲಿಯೆ ಪ್ಯಾರಿಸ್‌ನ ಷೇರುಪೇಟೆಯ ಬೆಲೆಗಳಿಗೆ ಇದೇ ಲೆಕ್ಕ ಹಾಕಿದ್ದರು!

ಸರಿ, ಹತ್ತು ರೂಪಾಯಿಗೆ ಬರೋಣ. ಗೆರೆ ಮೊದಲ ಸಲ 10 ಮುಟ್ಟಿದ ಕ್ಷಣದಲ್ಲಿ ಅಲ್ಲೊಂದು ಕನ್ನಡಿಯನ್ನು ಅಡ್ಡಡ್ಡ ಇಡಿ. ಅಲ್ಲಿಂದ ಮುಂದೆ ಮೇಲಕ್ಕೂ ಕೆಳಕ್ಕೂ ಸಮ ಅವಕಾಶ, ಅಲ್ವಾ? ಹಾಗಾಗಿ 10ರ ಮೇಲೆ ಮುಗಿಯುವ ಪ್ರತಿ ದಾರಿಗೂ 10 ಮುಟ್ಟಿ ಕೆಳಗಿಳಿದು ಮುಗಿಯುವ ಜೋಡಿ ದಾರಿ ಒಂದಿದೆ. ಮುಟ್ಟುವ ಸಾಧ್ಯತೆ ಅಂದರೆ ಮೇಲೆ ಮುಗಿಯುವ ಸಾಧ್ಯತೆಯ ಎರಡರಷ್ಟು. ಇಂಥ ಫಲಿತಾಂಶಗಳು ಹರಡಿಕೊಳ್ಳುವ ಗಂಟೆಯಾಕಾರದ ಬೆಲ್ ಕರ್ವ್ ಪ್ರಕಾರ 10ರ ಮೇಲೆ ಮುಗಿಯುವುದು ಶೇ. 15.9. ಆದ್ದರಿಂದ ಉತ್ತರ ಶೇ. 31.7. ನಾಣ್ಯದಲ್ಲೇ ಒಂದೊಂದಾಗಿ ಎಣಿಸಿದರೆ ಶೇ. 32.0 ಬರುತ್ತದೆ. ಸರಿಯಾಗಿ 10ರಲ್ಲೇ ನಿಂತ ದಾರಿಗಳಿಗೆ ಜೋಡಿ ಇಲ್ಲ, ಅವನ್ನು ಒಂದೇ ಸಲ ಎಣಿಸಬೇಕು. ಆ ಸಣ್ಣ ವ್ಯತ್ಯಾಸ ಮುಖ್ಯವಾಗಿ ಹೆಜ್ಜೆಯ ಗಾತ್ರದ್ದು.

'ಆಡ್ತಾ ಇದ್ದರೆ ಒಂದಿನ ಲಾಭ ಬಂದೇ ಬರುತ್ತೆ' ಅನ್ನುವವರು ನನಗೆ ಸಿಗುತ್ತಲೇ ಇರುತ್ತಾರೆ. ಸಿಟ್ಟು ಬರುವುದು ಅವರ ಮಾತು ಸುಳ್ಳು ಅಂತಲ್ಲ, ಅರ್ಧ ನಿಜ ಅಂತ. ಕೊನೆಯಿಲ್ಲದೆ ಆಡಿದರೆ 10 ಮುಟ್ಟುವುದು ಖಚಿತ. ಆದರೆ 10,000 ಸಲ ಚಿಮ್ಮಿದ ಮೇಲೂ ನೂರರಲ್ಲಿ ಎಂಟು ಜನ ಇನ್ನೂ ಮುಟ್ಟಿರುವುದಿಲ್ಲ. ಹತ್ತು ಲಕ್ಷ ಚಿಮ್ಮಿದರೂ ಸಾವಿರದಲ್ಲಿ ಎಂಟು ಜನ ಬಾಕಿ. ನೂರು ಪಟ್ಟು ಜಾಸ್ತಿ ಆಡಿದರೆ ಬಾಕಿ ಕರಗುವುದು ಹತ್ತು ಪಟ್ಟು ಮಾತ್ರ. ಹೀಗಾಗಿ ಸರಾಸರಿ ಕಾಯುವ ಸಮಯ ಅನಂತ.

ಜೇಬೂ ಅನಂತ ಇರಬೇಕು. 90 ರೂಪಾಯಿ ಹಿಡಿದು, ಅದು ಖಾಲಿಯಾಗುವವರೆಗೆ ಅಥವಾ 10 ಗೆಲ್ಲುವವರೆಗೆ ಆಡಿದರೆ, ಸರಾಸರಿ ಹತ್ತರಲ್ಲಿ ಒಂಬತ್ತು ಜನ ಹತ್ತತ್ತು ರೂಪಾಯಿ ಗೆದ್ದು ನಗುತ್ತಾ ಏಳುತ್ತಾರೆ. ಆ ಒಟ್ಟು ತೊಂಬತ್ತು ರೂಪಾಯಿ ಹತ್ತನೆಯವನದು.